ಕೋರದಲ್ಲಿ ನೆರಳು ಮಾಯವಾಗುವ ದಿನ

ತುಮಕೂರಿನಿಂದ ಶಿರಾ ಕಡೆಗೆ ಹೆದ್ದಾರಿಯಲ್ಲಿ ಹೋಗುವವರಿಗೆ ಕೋರ ಗೊತ್ತು. ವಸಂತನರಸಾಪುರದ ಕೈಗಾರಿಕಾ ಪ್ರದೇಶ ಬಂದ ಮೇಲೆ ಈ ಹೋಬಳಿಯ ಹೆಸರು ದೂರದವರ ಕಿವಿಗೂ ಬಿದ್ದಿದೆ. ಈ ಊರಿನಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ನಡುಹಗಲಲ್ಲಿ ನೆತ್ತಿಯ ಮೇಲೆ ನೆಟ್ಟಗೆ ನಿಲ್ಲುತ್ತಾನೆ. ಆಗ ಹೊಲದ ಬದಿಯ ಕಲ್ಲುಕಂಬದ ನೆರಳು ಅದರ ಬುಡದೊಳಗೇ ಅಡಗುತ್ತದೆ. ಪತ್ರಿಕೆಗಳು ಇದನ್ನು ಶೂನ್ಯ ನೆರಳಿನ ದಿನ ಎನ್ನುತ್ತವೆ. ಬೆಂಗಳೂರಿಗೆ ಅದು ಏಪ್ರಿಲ್ 24ರ ಆಸುಪಾಸಿನಲ್ಲಿ ಬರುತ್ತದೆ ಎಂದು ಪ್ರತಿವರ್ಷ ಸುದ್ದಿಯಾಗುತ್ತದೆ. ಕೋರದ ದಿನವನ್ನು ಯಾರೂ ಅಚ್ಚು ಹಾಕುವುದಿಲ್ಲ. ಅದನ್ನು ನಾವೇ ಲೆಕ್ಕ ಹಾಕೋಣ. ಕ್ಯಾಲ್ಕುಲೇಟರಿನಲ್ಲಿ ಸೈನ್ ಗುಂಡಿ ಇಲ್ಲ, ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಗುಂಡಿಗಳಷ್ಟೇ ಇವೆ ಎಂದುಕೊಳ್ಳಿ.

ಬೇಕಾದ ಸಂಬಂಧ ಒಂದೇ ಸಾಲಿನದು. ಸಮಭಾಜಕದಿಂದ ಸೂರ್ಯ ಎಷ್ಟು ಡಿಗ್ರಿ ಉತ್ತರಕ್ಕೆ ಸರಿದಿದ್ದಾನೆ ಎಂಬುದಕ್ಕೆ ಕ್ರಾಂತಿ ಎಂದು ಹೆಸರು. ಅದು ಊರಿನ ಅಕ್ಷಾಂಶಕ್ಕೆ ಸಮವಾದ ದಿನ ಅಲ್ಲಿ ನಡುಹಗಲಿನ ನೆರಳು ಇರುವುದಿಲ್ಲ. ಮಾರ್ಚ್ ವಿಷುವದಿಂದ ಸೂರ್ಯ ಆಕಾಶದಲ್ಲಿ ತನ್ನ ದಾರಿಯ ಮೇಲೆ L ಡಿಗ್ರಿ ನಡೆದಿದ್ದರೆ,

sin(ಕ್ರಾಂತಿ) = sin 23.44° × sin L

ಇಲ್ಲಿ 23.44° ಎಂಬುದು ಭೂಮಿಯ ಅಕ್ಷದ ವಾಲಿಕೆ. ಕೋರದ ಅಕ್ಷಾಂಶವನ್ನು 13.4° ಎಂದು ಇಟ್ಟುಕೊಳ್ಳುತ್ತೇನೆ. ತುಮಕೂರು ನಗರದ್ದು ಸುಮಾರು 13.34°, ಕೋರ ಅದಕ್ಕಿಂತ ತುಸು ಉತ್ತರಕ್ಕಿದೆ. ಹಾಗಾಗಿ ನಮಗೆ ಬೇಕಾದದ್ದು sin 13.4°ಯನ್ನು sin 23.44°ಯಿಂದ ಭಾಗಿಸಿದಾಗ ಬರುವ ಸಂಖ್ಯೆ, ಆಮೇಲೆ ಆ ಸಂಖ್ಯೆಯನ್ನೇ ಸೈನ್ ಆಗಿ ಉಳ್ಳ ಕೋನ.

ಗುಂಡಿ ಇಲ್ಲದೆ ಸೈನ್ ಎಲ್ಲಿಂದ ತರುವುದು? ಒಂದು ಮೀಟರ್ ತ್ರಿಜ್ಯದ ವೃತ್ತ ಬರೆದು, ಅದರ ಬಲತುದಿಯಿಂದ ಮೇಲಕ್ಕೆ ಅಂಚಿನ ಮೇಲೆ x ಮೀಟರ್ ನಡೆಯಿರಿ. ಆ x ಎಂಬುದೇ ರೇಡಿಯನ್ ಅಳತೆಯಲ್ಲಿ ಕೋನ. ನೀವು ಏರಿದ ಎತ್ತರ ಸೈನ್, ಕೇಂದ್ರದಿಂದ ಅಡ್ಡಲಾಗಿ ಇನ್ನೂ ಉಳಿದ ದೂರ ಕೊಸೈನ್. ನೀವು ಯಾವಾಗಲೂ ತ್ರಿಜ್ಯಕ್ಕೆ ಲಂಬವಾಗಿಯೇ ನಡೆಯುತ್ತಿರುವುದರಿಂದ ಒಂದು ಅಚ್ಚುಕಟ್ಟಾದ ಕೊಡುಕೊಳ್ಳುವಿಕೆ ಹುಟ್ಟುತ್ತದೆ. ಒಂದೊಂದು ಪುಟ್ಟ ಹೆಜ್ಜೆಗೂ ಎತ್ತರ ಏರುವುದು ಹೆಜ್ಜೆಯ ಉದ್ದವನ್ನು ಆ ಕ್ಷಣದ ಕೊಸೈನ್‌ನಿಂದ ಗುಣಿಸಿದಷ್ಟು. ಅಡ್ಡದೂರ ಇಳಿಯುವುದು ಹೆಜ್ಜೆಯನ್ನು ಆ ಕ್ಷಣದ ಸೈನ್‌ನಿಂದ ಗುಣಿಸಿದಷ್ಟು. ಒಂದು ಗೊತ್ತಾಗಬೇಕಾದರೆ ಇನ್ನೊಂದು ಗೊತ್ತಿರಬೇಕು. ಎರಡೂ ಗೊತ್ತಿಲ್ಲ. ಆದರೂ ಒಂದು ಒರಟು ಅಂದಾಜಿನಿಂದ ಶುರುಮಾಡಿದರೆ ಎರಡೂ ಪರಸ್ಪರ ತಿದ್ದಿಕೊಳ್ಳುತ್ತ ಹೋಗುತ್ತವೆ.

ಮೊದಲ ಅಂದಾಜು: ಅಡ್ಡದೂರ ಇಳಿಯುವುದೇ ಇಲ್ಲ, ಕೊಸೈನ್ ಉದ್ದಕ್ಕೂ 1 ಎನ್ನೋಣ. ಆಗ ನಡೆದ ದೂರವೆಲ್ಲ ಎತ್ತರವೇ ಆಗಿ, ಸೈನ್ x ಆಗುತ್ತದೆ. ಈಗ ಈ x ಹಿಡಿದು ಅಡ್ಡದೂರದ ಇಳಿತವನ್ನು ಕೂಡಿಸೋಣ. 1, 2, 3 ಎಂದು n ತನಕ ಕೂಡಿದರೆ ಮೊತ್ತ n ವರ್ಗದ ಅರ್ಧಕ್ಕೆ ಹತ್ತಿರ ಬರುವಂತೆ, ಇಲ್ಲಿನ ಒಟ್ಟು ಇಳಿತ x²/2 ಆಗುತ್ತದೆ. ಅಂದರೆ ಕೊಸೈನ್ 1 ಅಲ್ಲ, 1 − x²/2. ಹಾಗಿದ್ದರೆ ಮೊದಲು ಎಣಿಸಿದ ಎತ್ತರ ಹೆಚ್ಚಾಯಿತು. ಎಷ್ಟು ಹೆಚ್ಚು ಎಂದರೆ, ದಾರಿಯುದ್ದಕ್ಕೂ x²/2ಗಳನ್ನು ಕೂಡಿದಷ್ಟು. ವರ್ಗಗಳನ್ನು n ತನಕ ಕೂಡಿದರೆ ಮೊತ್ತ n ಘನದ ಮೂರನೆಯ ಒಂದು ಭಾಗಕ್ಕೆ ಹತ್ತಿರ. ಅರ್ಧದ ಮೂರನೆಯ ಒಂದು ಎಂದರೆ ಆರನೆಯ ಒಂದು. ಸೈನ್ ಈಗ x − x³/6. ಎತ್ತರ ತಗ್ಗಿತಲ್ಲ, ಆದ್ದರಿಂದ ಅಡ್ಡದೂರದ ಇಳಿತವನ್ನೂ ಹೆಚ್ಚಾಗಿ ಹಿಡಿದಿದ್ದೆವು. ಆ ತಿದ್ದುಪಡಿ x⁴/24. ಅದು ಮತ್ತೆ ಸೈನ್‌ಗೆ ಬಂದು x⁵/120 ಕೂಡುತ್ತದೆ. ಹೀಗೇ ಮುಂದೆ:

sin x = x − x³/6 + x⁵/120 − x⁷/5040 + …
cos x = 1 − x²/2 + x⁴/24 − x⁶/720 + …

ಛೇದದ ಸಂಖ್ಯೆಗಳು ಆಕಾಶದಿಂದ ಬಿದ್ದವಲ್ಲ. 6 ಎಂದರೆ 1×2×3, 120 ಎಂದರೆ 1×2×3×4×5. ಒಂದೊಂದು ಸಲ ಕೂಡಿಸಿದಾಗಲೂ ಒಂದೊಂದು ಹೊಸ ಭಾಜಕ ಸೇರಿಕೊಂಡಿದೆ, ಅಷ್ಟೆ.

ಮೇಲಿನ ವಾದ ಬಹುಮಟ್ಟಿಗೆ ಕೇರಳದ್ದು. ಈ ಶ್ರೇಣಿಗಳನ್ನು ಅಲ್ಲಿನ ಪರಂಪರೆ ಸಂಗಮಗ್ರಾಮದ ಮಾಧವನಿಗೆ ಸಲ್ಲಿಸುತ್ತದೆ. ಅವನ ಕಾಲ 14ನೆಯ ಶತಮಾನದ ಕೊನೆ ಮತ್ತು 15ನೆಯದರ ಆರಂಭ. ಅವನದೇ ಬರಹದಲ್ಲಿ ಇದರ ಸಾಧನೆ ನಮಗೆ ಉಳಿದಿಲ್ಲ. ಜ್ಯೇಷ್ಠದೇವ ಸುಮಾರು 1530ರ ಹೊತ್ತಿಗೆ ಬರೆದ ಯುಕ್ತಿಭಾಷೆಯಲ್ಲಿ, ಅದೂ ಸಂಸ್ಕೃತದಲ್ಲಲ್ಲ, ಮಲಯಾಳದಲ್ಲಿ, ಕೂಡಿದ್ದನ್ನು ಮತ್ತೆ ಕೂಡುವ ಈ ಕ್ರಮ ವಿವರವಾಗಿ ಸಿಗುತ್ತದೆ. ನ್ಯೂಟನ್ ಇದೇ ಶ್ರೇಣಿಗಳನ್ನು ತನ್ನದೇ ದಾರಿಯಲ್ಲಿ ಕಂಡು ಬರೆದಿಟ್ಟದ್ದು 1669ರಲ್ಲಿ. ಕೇರಳದ ಕೆಲಸ ಯುರೋಪಿನ ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1834ರಲ್ಲಿ ಅಚ್ಚಾದ ಚಾರ್ಲ್ಸ್ ವಿಷ್‌ನ ಲೇಖನದಿಂದ. ಆತ ಈಸ್ಟ್ ಇಂಡಿಯಾ ಕಂಪನಿಯ ನೌಕರ.

ಮಾಧವನ ಹೆಸರಿನಲ್ಲಿ ಬಂದ ಲೆಕ್ಕದ ವಿಧಾನವೂ ನೋಡತಕ್ಕದ್ದು. ವೃತ್ತದ ಕಾಲುಭಾಗ 5400 ಕಲೆಗಳು, ಕಲೆ ಎಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗ. ಕಲೆಯ ಅರವತ್ತನೆಯ ಒಂದು ಭಾಗ ವಿಕಲೆ, ವಿಕಲೆಯ ಅರವತ್ತನೆಯ ಒಂದು ಭಾಗ ತತ್ಪರೆ. x³/6ರಂಥ ಪದಗಳ ಬೆಲೆಯನ್ನು ಆ ಪೂರಾ ಕಾಲುವೃತ್ತಕ್ಕೆ ಒಮ್ಮೆ ಕಂಡುಹಿಡಿದು ಇಟ್ಟುಕೊಂಡಿದ್ದರು. ಅಂಥವು ಐದು ಸಂಖ್ಯೆಗಳು. ಎಲ್ಲಕ್ಕಿಂತ ದೊಡ್ಡದು 2220 ಕಲೆ, 39 ವಿಕಲೆ, 40 ತತ್ಪರೆ. ಎಲ್ಲಕ್ಕಿಂತ ಚಿಕ್ಕದು ಬರೀ 44 ತತ್ಪರೆ. ಬೇಕಾದ ಕೋನ ಕಾಲುವೃತ್ತದ ಎಷ್ಟನೆಯ ಪಾಲು ಎಂದು ತೆಗೆದು, ಅದರ ವರ್ಗದಿಂದ ಚಿಕ್ಕ ಸಂಖ್ಯೆಯನ್ನು ಗುಣಿಸಿ, ಮುಂದಿನದರಿಂದ ಕಳೆದು, ಮತ್ತೆ ಗುಣಿಸಿ, ಮತ್ತೆ ಕಳೆದು, ಹೀಗೆ ಒಳಗಿನಿಂದ ಹೊರಗೆ ಬರುತ್ತಿದ್ದರು. ದೊಡ್ಡ ಘಾತಗಳನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕುವ ಗೊಡವೆಯೇ ಇಲ್ಲ. ಇಂದು ಪ್ರೋಗ್ರಾಂ ಬರೆಯುವವರೂ ಬಹುಪದಗಳ ಬೆಲೆ ಕಟ್ಟುವುದು ಹೀಗೆಯೇ. ಆ ಐದು ಸಂಖ್ಯೆಗಳನ್ನು ಕಂಠಪಾಠ ಮಾಡಲು ಕಟಪಯಾದಿ ಕ್ರಮದಲ್ಲಿ ಪದಗಳಾಗಿ ಕಟ್ಟಿದ್ದರು. ಸಂಗೀತ ಕಲಿತವರಿಗೆ ಈ ಕ್ರಮ ಹೊಸದಲ್ಲ. ಮೇಚಕಲ್ಯಾಣಿ 65ನೆಯ ಮೇಳ, ಧೀರಶಂಕರಾಭರಣ 29ನೆಯದು ಎಂದು ಹೆಸರಿನ ಮೊದಲೆರಡು ಅಕ್ಷರಗಳೇ ಹೇಳುವುದು ಇದೇ ಲೆಕ್ಕದಿಂದ.

ಈಗ ಕೋರಕ್ಕೆ ವಾಪಸಾಗೋಣ. ಮೊದಲ ಕೆಲಸ ಡಿಗ್ರಿಯನ್ನು ರೇಡಿಯನ್ ಮಾಡುವುದು. ಒಂದು ಡಿಗ್ರಿ ಎಂದರೆ 0.0174533 ರೇಡಿಯನ್, ಆದ್ದರಿಂದ 13.4° ಎಂದರೆ 0.233874. ಅದರ ಘನದ ಆರನೆಯ ಒಂದು ಭಾಗ 0.002132. ಐದನೆಯ ಘಾತವನ್ನು 120ರಿಂದ ಭಾಗಿಸಿದರೆ 0.000006. ಮೊದಲನೆಯದರಿಂದ ಎರಡನೆಯದನ್ನು ಕಳೆದು ಮೂರನೆಯದನ್ನು ಕೂಡಿದರೆ 0.231748. ಇದು sin 13.4°, ಆರು ದಶಮಾಂಶ ಸ್ಥಾನಗಳಲ್ಲಿಯೂ ಸರಿ.

ಇದೇ ರೀತಿ 23.44° ಎಂದರೆ 0.409105 ರೇಡಿಯನ್. ಕಳೆಯಬೇಕಾದದ್ದು 0.011412, ಕೂಡಬೇಕಾದದ್ದು 0.000095. ಉತ್ತರ 0.397788. ಭಾಗಿಸಿದರೆ sin L ಸಿಗುತ್ತದೆ: 0.58259.

ಸೈನ್ ಗೊತ್ತು, ಕೋನ ಗೊತ್ತಿಲ್ಲ. ಶ್ರೇಣಿಯನ್ನು ತಿರುಗುಮುರುಗಾಗಿ ಬಿಡಿಸುವ ಕಷ್ಟ ಬೇಡ. ಒಂದು ಕೋನ ಊಹಿಸಿ ಎಷ್ಟು ತಪ್ಪಿತು ಎಂದು ನೋಡಿದರೆ ಸಾಕು. 30°ಯ ಸೈನ್ 0.5, 45°ಯದು 0.707 ಎಂಬುದು ಶಾಲೆಯಲ್ಲೇ ಗೊತ್ತಾಗಿರುತ್ತದೆ. ಹಾಗಾಗಿ 36° ಎಂದು ಹಿಡಿಯೋಣ. ಅದು 0.628319 ರೇಡಿಯನ್. ಕೋನ ದೊಡ್ಡದಾದದ್ದರಿಂದ ಇಲ್ಲಿ ನಾಲ್ಕು ಪದ ಬೇಕು: 0.628319 − 0.041342 + 0.000816 − 0.000008 = 0.587785. ನಮಗೆ ಬೇಕಾದದ್ದಕ್ಕಿಂತ ಇದು 0.00519 ಹೆಚ್ಚು.

ಕೊಸೈನ್ ಕೆಲಸಕ್ಕೆ ಬರುವುದು ಇಲ್ಲಿ. ಪುಟ್ಟ ಹೆಜ್ಜೆಗೆ ಸೈನ್ ಬದಲಾಗುವುದು ಹೆಜ್ಜೆ × ಕೊಸೈನ್ ಎಂದು ವೃತ್ತದ ಮೇಲೆ ನಡೆಯುವಾಗಲೇ ನೋಡಿದೆವು. ಹಾಗಾದರೆ ಬೇಕಾದ ಹೆಜ್ಜೆ 0.00519ನ್ನು cos 36°ಯಿಂದ ಭಾಗಿಸಿದಷ್ಟು. ಕೊಸೈನ್ ಶ್ರೇಣಿಯ ಮೊದಲ ನಾಲ್ಕು ಪದಗಳು 1 − 0.197392 + 0.006494 − 0.000085 ಸೇರಿ 0.80902 ಕೊಡುತ್ತವೆ. ಹೆಜ್ಜೆ 0.00642 ರೇಡಿಯನ್, ಅಂದರೆ 0.37°. ಅಷ್ಟು ಹಿಂದೆ ಸರಿದರೆ L = 35.63°.

2025ರಲ್ಲಿ ಮಾರ್ಚ್ ವಿಷುವ ನಮ್ಮ ಗಡಿಯಾರದ ಪ್ರಕಾರ 20ನೆಯ ತಾರೀಖು ಮಧ್ಯಾಹ್ನ ಎರಡೂವರೆಗೆ ಆಯಿತು. ಸೂರ್ಯ ದಿನಕ್ಕೆ ಸರಾಸರಿ 0.9856° ನಡೆಯುತ್ತಾನೆ. ಆ ಲೆಕ್ಕದಲ್ಲಿ 35.63° ನಡೆಯಲು 36 ದಿನ ಮತ್ತು ಮೂರೂವರೆ ಗಂಟೆ ಸುಮಾರು. ಏಪ್ರಿಲ್ ಹೊತ್ತಿಗೆ ಭೂಮಿ ಸೂರ್ಯನಿಂದ ದೂರ ಸರಿಯುತ್ತಿರುವುದರಿಂದ ನಡಿಗೆ ಸರಾಸರಿಗಿಂತ ಸ್ವಲ್ಪ ನಿಧಾನ. ಅದಕ್ಕೆ ಇನ್ನೆರಡು ಗಂಟೆ ಸೇರಿಸಬೇಕು. ಏಪ್ರಿಲ್ 25ರ ಸಂಜೆ ಎಂಟರ ಆಸುಪಾಸು ಎಂದಾಯಿತು. ಆ ಹೊತ್ತಿಗೆ ಕೋರದಲ್ಲಿ ಕತ್ತಲೆ! ಆದ್ದರಿಂದ ಅದಕ್ಕೆ ಹತ್ತಿರದ ನಡುಹಗಲನ್ನು ಹಿಡಿಯಬೇಕು. ಅದು ಏಪ್ರಿಲ್ 25ರದು. ಸೂರ್ಯ ನೆತ್ತಿಗೆ ಬರುವುದೂ ಸರಿಯಾಗಿ ಹನ್ನೆರಡಕ್ಕಲ್ಲ. ಭಾರತದ ಗಡಿಯಾರ 82.5° ರೇಖಾಂಶದ್ದು, ತುಮಕೂರು ಸೀಮೆ ಅದಕ್ಕಿಂತ ಐದೂವರೆ ಡಿಗ್ರಿ ಪಶ್ಚಿಮಕ್ಕಿದೆ. ಹಾಗಾಗಿ ಆ ದಿನದ ನಡುಹಗಲು ಸುಮಾರು 12 ಗಂಟೆ 20 ನಿಮಿಷಕ್ಕೆ.

ಇಷ್ಟು ಪದಗಳು ನಿಜಕ್ಕೂ ಬೇಕಿದ್ದವೇ? ಈ ಶ್ರೇಣಿಯ ಪದಗಳು ಒಂದು ಬಿಟ್ಟು ಒಂದು ಕೂಡುತ್ತ ಕಳೆಯುತ್ತ, ಚಿಕ್ಕದಾಗುತ್ತ ಹೋಗುತ್ತವೆ. ಹಾಗಾಗಿ ನಿಜವಾದ ಬೆಲೆ ಯಾವಾಗಲೂ ಎರಡು ಪಕ್ಕಪಕ್ಕದ ಮೊತ್ತಗಳ ನಡುವೆ ಸಿಕ್ಕಿಬಿದ್ದಿರುತ್ತದೆ. ಎಲ್ಲಿ ನಿಲ್ಲಿಸಿದರೂ ತಪ್ಪು, ಬಿಟ್ಟುಬಿಟ್ಟ ಮೊದಲ ಪದಕ್ಕಿಂತ ದೊಡ್ಡದಾಗದು. ಉತ್ತರ ಗೊತ್ತಿಲ್ಲದೆಯೇ ಅದರ ತಪ್ಪಿನ ಅಳತೆ ಕೈಗೆ ಸಿಗುವುದು ಅಪರೂಪದ ಅನುಕೂಲ. ಪರೀಕ್ಷೆಗೆ ಸೂತ್ರ ಬಾಯಿಪಾಠ ಮಾಡಿಸುವಾಗ ಇದನ್ನೇ ಬಿಟ್ಟುಬಿಡುತ್ತೇವೆ.

ಅಕ್ಷಾಂಶದ್ದು ಮತ್ತು ವಾಲಿಕೆಯದು ಎರಡೂ ಸೈನ್‌ಗಳನ್ನು ಒಂದೇ ಪದದಲ್ಲಿ, ಅಂದರೆ x ಎಂದಷ್ಟೇ ಹಿಡಿದಿದ್ದರೆ L 34.87° ಬರುತ್ತಿತ್ತು. ದಿನದ ಲೆಕ್ಕದಲ್ಲಿ ಇದು ಹದಿನೆಂಟು ಗಂಟೆಗಳ ತಪ್ಪು, ತಾರೀಖನ್ನೇ ಕೆಡಿಸಬಲ್ಲದು. ಎರಡು ಪದ ತೆಗೆದುಕೊಂಡರೆ ತಪ್ಪು ಸುಮಾರು ಹದಿಮೂರು ನಿಮಿಷಕ್ಕೆ ಇಳಿಯುತ್ತದೆ. ಮೂರು ಪದಕ್ಕೆ ಮೂರು ನಾಲ್ಕು ಸೆಕೆಂಡು.

ಮೂರು ಸೆಕೆಂಡು ಎಂದು ಹಿಗ್ಗುವ ಮುಂಚೆ ಅಕ್ಷಾಂಶದ ಕಡೆ ನೋಡಿ. 13.4° ಎಂದು ನಾನು ದುಂಡಗೆ ಹಿಡಿದೆ. ಅಕ್ಷಾಂಶ 0.01° ಬದಲಾದರೆ L ಅದರ ಮೂರರಷ್ಟು, 0.03° ಬದಲಾಗುತ್ತದೆ. ಸೂರ್ಯ ಅಷ್ಟು ನಡೆಯಲು ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಾನೆ. ನೆಲದ ಮೇಲೆ 0.01° ಎಂದರೆ ಸುಮಾರು 1.1 ಕಿಲೋಮೀಟರ್. ಕೋರದ ಬಸ್ ನಿಲ್ದಾಣದಿಂದ ಉತ್ತರಕ್ಕೆ ಒಂದು ಕಿಲೋಮೀಟರ್ ನಡೆದರೆ ಸೂರ್ಯ ನೆತ್ತಿಗೆ ಬರುವ ಗಳಿಗೆ ಮುಕ್ಕಾಲು ಗಂಟೆಯ ಹತ್ತಿರ ಮುಂದೆ ಹೋಯಿತು. ಎರಡೇ ಪದ ಹಿಡಿದವನ ಹದಿಮೂರು ನಿಮಿಷದ ತಪ್ಪು ಮುನ್ನೂರು ಮೀಟರ್ ನಡೆದಷ್ಟಾಯಿತು. ಯಾವ ಹೊಲದಲ್ಲಿ ನಿಂತಿದ್ದೀರಿ ಎಂದು ಹೇಳದೆ ಮೂರನೆಯ ಪದ ಕೇಳುವುದರಲ್ಲಿ ಅರ್ಥವಿಲ್ಲ. ಲೆಕ್ಕಕ್ಕೆ ಹಾಕಿದ ಸಂಖ್ಯೆಗಳೇ ಎರಡನೆಯ ದಶಮಾಂಶಕ್ಕೆ ಅನುಮಾನದಲ್ಲಿರುವಾಗ ಉತ್ತರವನ್ನು ಏಳು ದಶಮಾಂಶಕ್ಕೆ ಎಳೆಯುವ ಚಟ ಕಂಪ್ಯೂಟರ್ ಬಂದ ಮೇಲೆ ಹೆಚ್ಚಾಗಿದೆ.

ಕಣ್ಣಿನ ಮಿತಿಯೂ ಇದೆ. ಏಪ್ರಿಲ್ 25ರ ನಡುಹಗಲಲ್ಲಿ ಒಂದು ಮೀಟರ್ ಕೋಲಿನ ನೆರಳು ಉತ್ತರಕ್ಕೆ ಎರಡು ಮಿಲಿಮೀಟರ್, 26ರಂದು ದಕ್ಷಿಣಕ್ಕೆ ನಾಲ್ಕು ಮಿಲಿಮೀಟರಿಗೆ ತುಸು ಕಡಿಮೆ. ಸೂರ್ಯನ ಬಿಂಬವೇ ಅರ್ಧ ಡಿಗ್ರಿ ಅಗಲವಿರುವುದರಿಂದ ಆ ಕೋಲಿನ ನೆರಳಿನ ತುದಿ ಒಂಬತ್ತು ಮಿಲಿಮೀಟರಿನಷ್ಟು ಮಸುಕಾಗಿರುತ್ತದೆ. ಎರಡು ದಿನಗಳಲ್ಲಿ ಯಾವುದು ಎಂದು ಕೋಲು ತೀರ್ಮಾನಿಸಲಾರದು, ಶ್ರೇಣಿ ತೀರ್ಮಾನಿಸುತ್ತದೆ.

ಲೆಕ್ಕ ಹಾಕುವವರು ಹೆಚ್ಚಾಗಿ ಮುಗ್ಗರಿಸುವುದು ಎರಡು ಕಡೆ. ಒಂದು, ಡಿಗ್ರಿಯನ್ನೇ ಸೂತ್ರಕ್ಕೆ ತುರುಕುವುದು. x ಎಂದರೆ ವೃತ್ತದ ಅಂಚಿನ ಮೇಲೆ ನಡೆದ ದೂರ ಎಂಬುದರಿಂದಲೇ ಎಲ್ಲ ಪದಗಳೂ ಹುಟ್ಟಿದವು, ಡಿಗ್ರಿಗೆ ಅವು ಅನ್ವಯಿಸುವುದಿಲ್ಲ. 13.4 ಎಂದು ಹಾಕಿ ಎರಡು ಪದ ತೆಗೆದರೆ ಉತ್ತರ −387.6. ಸೈನ್ 1ನ್ನು ದಾಟಲಾರದಾದ್ದರಿಂದ ತಪ್ಪು ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಅಪಾಯ ಇರುವುದು ಹಟ ಹಿಡಿದು ಮುಂದುವರಿಯುವವರಿಗೆ. ಪದಗಳು ಸಾವಿರಗಳಿಗೆ ಏರಿ, ಆಮೇಲೆ ಇಳಿದು, ಬಹಳ ಪದಗಳಾದ ಮೇಲೆ ಮೊತ್ತ 0.74ರಲ್ಲಿ ಸುಮ್ಮನೆ ನಿಲ್ಲುತ್ತದೆ. ನೋಡಲು ಸಭ್ಯ ಸಂಖ್ಯೆ. ಆದರೆ ಅದು 13.4 ರೇಡಿಯನ್‌ನ, ಅಂದರೆ ಎರಡು ಪೂರ್ತಿ ಸುತ್ತು ಹಾಕಿ ಇನ್ನೂ ಮುಂದೆ ಹೋದ ಕೋನದ ಸೈನ್.

ಇನ್ನೊಂದು ಮುಗ್ಗರಿಕೆ ದೊಡ್ಡ ಕೋನಗಳದ್ದು. ವಿಷುವದ ನಡುಹಗಲು ಕೋರದಲ್ಲಿ ಸೂರ್ಯ ಕ್ಷಿತಿಜದಿಂದ 76.6° ಮೇಲಿರುತ್ತಾನೆ. ಅದರ ಸೈನ್ ಬೇಕೆಂದು 1.33692 ಎಂದು ನೇರವಾಗಿ ಹಾಕಿದರೆ ಮೂರನೆಯ ಪದವೇ 0.036ರಷ್ಟು ದೊಡ್ಡದು. ಆರು ದಶಮಾಂಶಕ್ಕೆ ಐದು ಪದ ಬರೆಯಬೇಕು. 76.6°ಯ ಸೈನ್ ಎಂದರೆ 13.4°ಯ ಕೊಸೈನ್ ಎಂದು ನೆನಪಾದರೆ 1 − 0.027349 + 0.000125, ಮೂರೇ ಪದದಲ್ಲಿ 0.972776. ಯಾವ ಕೋನ ಬಂದರೂ ಅದನ್ನು 45°ಯ ಒಳಗೆ ತಂದು, ಆಮೇಲೆ ಸೈನ್ ಅಥವಾ ಕೊಸೈನ್ ಯಾವುದು ಸಲ್ಲುತ್ತದೋ ಅದನ್ನು ಬಳಸುವುದು ಹಳೆಯ ಚಾಳಿ. ಕಂಪ್ಯೂಟರಿನ ಒಳಗಿನ ಸೈನ್ ಲೆಕ್ಕವೂ ಸಾಮಾನ್ಯವಾಗಿ ಹೀಗೆ ಕೋನವನ್ನು ಕುಗ್ಗಿಸಿಯೇ ಶುರುವಾಗುತ್ತದೆ. ನಂತರ ಅದು ಬಳಸುವ ಬಹುಪದದ ಗುಣಕಗಳು 1/6, 1/120ಕ್ಕೆ ಬಹಳ ಹತ್ತಿರವಿದ್ದು, ಕೊನೆಯ ಅಂಕಿಗಳಲ್ಲಿ ತುಸು ತಿದ್ದಿರುತ್ತವೆ.

ಸೂರ್ಯ ಮರಳುವಾಗ ಇದೇ 35.63° ಸೆಪ್ಟೆಂಬರ್ ವಿಷುವಕ್ಕೆ ಮುಂಚೆ ಬರುತ್ತದೆ. ಕೋರದಲ್ಲಿ ಅದು ಆಗಸ್ಟ್ 17, ಮೋಡ ಬಿಟ್ಟರೆ ನೋಡಬಹುದು. ಕುಣಿಗಲ್ಲಿನವರು 13.02° ಎಂದು ಹಾಕಿ ಏಪ್ರಿಲ್‌ನ ದಿನವನ್ನು ಹುಡುಕಲಿ, 2025ಕ್ಕೆ 24 ಎಂದು ಬರಬೇಕು. ಪಾವಗಡಕ್ಕೆ 14.1° ಹಾಕಿದರೆ 27 ಮತ್ತು 28ರ ನಡುವಿನ ಮಧ್ಯರಾತ್ರಿಯ ಹತ್ತಿರ ಬೀಳುತ್ತದೆ, ಅಲ್ಲಿ ಎರಡು ದಿನವೂ ಸಮಾನ. ಮುಂದಿನ ವರ್ಷಗಳಿಗೆ ಲೆಕ್ಕ ಹಾಕುವವರು ಆ ವರ್ಷದ ವಿಷುವದ ಹೊತ್ತನ್ನು ಹಿಡಿಯಬೇಕು. ಅಧಿಕ ವರ್ಷವಲ್ಲದಿದ್ದರೆ ಅದು ಪ್ರತಿವರ್ಷ ಆರು ಗಂಟೆಯ ಹತ್ತಿರ ತಡವಾಗುತ್ತದೆ. 2026ಕ್ಕೆ ಈ ಆರು ಗಂಟೆ ಸೇರಿಸಿದರೆ ಕೋರದ ದಿನ ಏಪ್ರಿಲ್ 26.